ಮುಟ್ಟು ನಿಂತ ಮೇಲೆ ಹಾರ್ಮೋನ್ ಔಷಧಿ: 60 ವರ್ಷದ ಗೆರೆ ನಮ್ಮ ಹೆಂಗಸರಿಗೆ ಹೊಂದುತ್ತದಾ?

2025ರ ನವೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಂದು ನಿರ್ಧಾರ ಪ್ರಕಟಿಸಿತು. ಮುಟ್ಟು ನಿಂತ ಹೆಂಗಸರು ತೆಗೆದುಕೊಳ್ಳುವ ಹಾರ್ಮೋನ್ ಔಷಧಿಗಳ ಮೇಲಿದ್ದ ಅತಿ ಕಟ್ಟುನಿಟ್ಟಿನ ಎಚ್ಚರಿಕೆಯನ್ನು, ಅಂದರೆ ಕಪ್ಪು ಚೌಕಟ್ಟು ಹಾಕಿ ಅಚ್ಚು ಮಾಡುತ್ತಿದ್ದ ಹೃದಯ ಕಾಯಿಲೆ, ಸ್ತನ ಕ್ಯಾನ್ಸರ್, ಮರೆವಿನ ಕಾಯಿಲೆ ಕುರಿತ ಮಾತುಗಳನ್ನು ತೆಗೆಸುವುದಾಗಿ ಹೇಳಿತು. ಸುದ್ದಿ ವಾಟ್ಸಾಪ್‌ನಲ್ಲಿ ಹರಿದಾಡುವಷ್ಟರಲ್ಲಿ ಅದು "ಹಾರ್ಮೋನ್ ಮಾತ್ರೆ ಈಗ ಸೇಫ್ ಅಂತೆ" ಅಂತ ಆಗಿಬಿಟ್ಟಿದೆ.

ಓದಿದವರಿಗೆ ಗೊಂದಲ ಆಗೋದು ಸಹಜ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ "ಅದನ್ನ ಮುಟ್ಟಬೇಡಿ, ಕ್ಯಾನ್ಸರ್ ಬರುತ್ತೆ" ಅಂತ ಹೇಳಿಸಿಕೊಂಡ ಔಷಧಿ ಅದು. ಈಗ ದಿಢೀರ್ ಅಂತ ಒಳ್ಳೆಯದಾಯ್ತಾ? ಅಥವಾ ಆಗ ಹೇಳಿದ್ದೇ ಸುಳ್ಳಾ?

ಎರಡೂ ಅಲ್ಲ. ಔಷಧಿ ಬದಲಾಗಿಲ್ಲ, ಆ ಹೆದರಿಕೆ ಹುಟ್ಟಿಸಿದ 2002ರ ಅಧ್ಯಯನದ ಅಂಕಿಗಳೂ ಸುಳ್ಳಲ್ಲ. ಒಂದೇ ಔಷಧಿ ಒಬ್ಬರಿಗೆ ಅನುಕೂಲವಾಗಿ ಇನ್ನೊಬ್ಬರಿಗೆ ಅಪಾಯವಾಗುವುದಕ್ಕೆ ಮುಖ್ಯ ಕಾರಣ, ಮುಟ್ಟು ನಿಂತು ಎಷ್ಟು ವರ್ಷಕ್ಕೆ ಅದನ್ನು ಶುರು ಮಾಡಿದರು ಅನ್ನೋದು. ಎಫ್‌ಡಿಎ ಕೂಡ "60 ವರ್ಷದೊಳಗೆ ಅಥವಾ ಮುಟ್ಟು ನಿಂತ 10 ವರ್ಷದೊಳಗೆ ಶುರು ಮಾಡಿ" ಎನ್ನುತ್ತದೆ. ಆ ವಾಕ್ಯದ ನಡುವೆ ಇರುವ "ಅಥವಾ" ದಾವಣಗೆರೆ, ಚಿತ್ರದುರ್ಗದ ಕಡೆಯ ಹೆಂಗಸರನ್ನು ತಪ್ಪು ದಾರಿಗೆ ಹಚ್ಚಬಹುದು. ಯಾಕೆ ಅಂತ ನೋಡೋಣ.

2002ರಲ್ಲಿ ಆಗಿದ್ದೇನು

ಅಮೆರಿಕದಲ್ಲಿ 'ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್' ಅನ್ನುವ ದೊಡ್ಡ ಅಧ್ಯಯನ ನಡೆಯಿತು. ಗರ್ಭಕೋಶ ಇದ್ದ 16,608 ಹೆಂಗಸರಲ್ಲಿ ಕೆಲವರಿಗೆ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ ಅನ್ನುವ ಎರಡು ಹಾರ್ಮೋನ್ ಸೇರಿದ ಮಾತ್ರೆ ಕೊಟ್ಟರು, ಉಳಿದವರಿಗೆ ಏನೂ ಔಷಧಿ ಇಲ್ಲದ ಖಾಲಿ ಮಾತ್ರೆ. ಯಾರಿಗೆ ಯಾವುದು ಅನ್ನೋದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಿದ್ದರು. ಅಪಾಯ ಕಂಡಿದ್ದರಿಂದ 2002ರ ಜುಲೈನಲ್ಲಿ, ಅವಧಿಗೆ ಮುಂಚೆಯೇ ನಿಲ್ಲಿಸಿದರು. ವರ್ಷಕ್ಕೆ 10,000 ಹೆಂಗಸರಲ್ಲಿ ಸ್ತನ ಕ್ಯಾನ್ಸರ್ 8, ಸ್ಟ್ರೋಕ್ 8, ಶ್ವಾಸಕೋಶಕ್ಕೆ ರಕ್ತದ ಹೆಪ್ಪು ಹೋಗಿ ಕೂರುವುದು 8, ಹೃದಯದ ತೊಂದರೆ 7 ಹೆಚ್ಚಾಗಿದ್ದವು. ಸೊಂಟದ ಮೂಳೆ ಮುರಿತ 5 ಕಡಿಮೆಯಾಗಿತ್ತು.

ಪತ್ರಿಕೆಗಳು ಇದನ್ನೇ "ಸ್ತನ ಕ್ಯಾನ್ಸರ್ ಶೇ. 26 ಹೆಚ್ಚಳ" ಅಂತ ಬರೆದವು. ಲೆಕ್ಕ ಸರಿಯೇ. ಆದರೆ 10,000ಕ್ಕೆ 8 ಅಂತ ಓದುವುದಕ್ಕೂ ಶೇ. 26 ಅಂತ ಓದುವುದಕ್ಕೂ ಮನಸ್ಸಿನ ಮೇಲೆ ಆಗುವ ಪರಿಣಾಮವೇ ಬೇರೆ. ಹೆದರಿದ ಹೆಂಗಸರು ಮಾತ್ರೆ ಬಿಟ್ಟರು, ಡಾಕ್ಟರುಗಳು ಬರೆಯುವುದನ್ನು ಬಿಟ್ಟರು.

ಇಲ್ಲಿ ಗಮನಿಸಬೇಕಾದ್ದು ಬೇರೆ ಇದೆ. ಆ ಅಧ್ಯಯನಕ್ಕೆ ಸೇರಿದವರ ಸರಾಸರಿ ವಯಸ್ಸು 63. ಐವತ್ತರಿಂದ ಐವತ್ತೊಂಬತ್ತರ ಒಳಗಿನವರು ಮೂರರಲ್ಲಿ ಒಂದು ಪಾಲು ಮಾತ್ರ, ಎಪ್ಪತ್ತು ದಾಟಿದವರೂ ಇದ್ದರು. ಅಂದರೆ ಬಹಳಷ್ಟು ಜನ ಮುಟ್ಟು ನಿಂತು ಹತ್ತು ಹನ್ನೆರಡು ವರ್ಷ ಆದ ಮೇಲೆ ಮೊದಲ ಸಲ ಹಾರ್ಮೋನ್ ತೆಗೆದುಕೊಂಡವರು. ನಿಜಜೀವನದಲ್ಲಿ ಈ ಔಷಧಿ ಬೇಕಾಗೋದು ಯಾರಿಗೆ? ಮುಟ್ಟು ನಿಂತ ಹೊಸದರಲ್ಲಿ, ಡಿಸೆಂಬರ್ ಚಳಿಯ ಬೆಳಗಿನ ಜಾವದಲ್ಲೂ ಮೈ ಕಾವು ಏರಿ ಬೆವತು ಎದ್ದು ಕೂರುವವರಿಗೆ. ಹಿರಿಯರಲ್ಲಿ ಕಂಡ ಅಪಾಯವನ್ನು ಇವರ ತಲೆಗೂ ಕಟ್ಟಲಾಯಿತು. ಎಚ್ಚರಿಕೆಯಲ್ಲಿದ್ದ ದೋಷ ಇದೇ.

ವರ್ಷಗಳ ಲೆಕ್ಕ ಯಾಕೆ ಮುಖ್ಯ

2007ರಲ್ಲಿ ಅದೇ ಸಂಶೋಧಕರು ಅದೇ ಅಂಕಿಗಳನ್ನು ಮುಟ್ಟು ನಿಂತ ವರ್ಷಗಳ ಪ್ರಕಾರ ಬಿಡಿಸಿ ನೋಡಿದರು. ಮುಟ್ಟು ನಿಂತು 10 ವರ್ಷ ಆಗದವರಲ್ಲಿ, ವರ್ಷಕ್ಕೆ 10,000 ಮಂದಿಗೆ ಹೃದಯದ ತೊಂದರೆ 6 ಕಡಿಮೆ. 10ರಿಂದ 19 ವರ್ಷ ಆದವರಲ್ಲಿ 4 ಹೆಚ್ಚು. 20 ವರ್ಷ ದಾಟಿದವರಲ್ಲಿ 17 ಹೆಚ್ಚು. ಮೊದಲ ಗುಂಪಿನ ಆ "6 ಕಡಿಮೆ" ಅನ್ನೋದು ಆಕಸ್ಮಿಕವೂ ಇರಬಹುದಾದಷ್ಟು ಚಿಕ್ಕ ಅಂಕಿ, ಅದನ್ನು ಹಿಡಿದುಕೊಂಡು ಹಾರ್ಮೋನ್ ಹೃದಯ ಕಾಯುತ್ತದೆ ಎನ್ನಲು ಬರುವುದಿಲ್ಲ. ಆದರೆ ವರ್ಷ ಕಳೆದಂತೆ ಅಪಾಯ ಏರುತ್ತಾ ಹೋಗುವುದು ಮಾತ್ರ ಸ್ಪಷ್ಟವಾಗಿ ಕಾಣುತ್ತದೆ.

ಕಾರಣ ರಕ್ತನಾಳಗಳಲ್ಲಿದೆ. ಮುಟ್ಟು ಇರುವವರೆಗೂ ಓವರಿಯಿಂದ ಬರುವ ಈಸ್ಟ್ರೋಜನ್ ರಕ್ತನಾಳದ ಒಳಪದರವನ್ನು ಮೆತ್ತಗೆ, ಹಿಗ್ಗಿ ಕುಗ್ಗುವ ಹಾಗೆ ಇಟ್ಟಿರುತ್ತದೆ, ಕೆಟ್ಟ ಕೊಲೆಸ್ಟ್ರಾಲನ್ನೂ ಹಿಡಿತದಲ್ಲಿ ಇಡುತ್ತದೆ. ಅದು ನಿಂತ ಮೇಲೆ ವರ್ಷ ವರ್ಷವೂ ನಾಳದ ಗೋಡೆಯಲ್ಲಿ ಕೊಬ್ಬು ಕೂರುತ್ತಾ ಬರುತ್ತದೆ. ಗೋಡೆ ಇನ್ನೂ ಚೆನ್ನಾಗಿರುವಾಗ ಈಸ್ಟ್ರೋಜನ್ ವಾಪಸ್ ಬಂದರೆ ಅದು ಹಳೇ ಕೆಲಸ ಮುಂದುವರಿಸುತ್ತದೆ. ಕೊಬ್ಬಿನ ಗಡ್ಡೆಗಳು ಬೆಳೆದು ನಿಂತ ಮೇಲೆ ಬಂದರೆ ಉಪಕಾರ ಆಗುವುದಿಲ್ಲ, ಅಷ್ಟೇ ಅಲ್ಲ, ಗಡ್ಡೆಯ ಮೇಲಿನ ಪೊರೆ ಸಡಿಲವಾಗಿ ಒಡೆಯಬಹುದು. ಒಡೆದ ಜಾಗದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ನುಂಗುವ ಈಸ್ಟ್ರೋಜನ್ ರಕ್ತ ಹೆಪ್ಪುಗಟ್ಟುವ ಗುಣವನ್ನು ಬೇರೆ ಹೆಚ್ಚಿಸುತ್ತದೆ. 2002ರ ಅಧ್ಯಯನದಲ್ಲಿ ಹೃದಯದ ತೊಂದರೆ ಮಾತ್ರೆ ಶುರು ಮಾಡಿದ ಮೊದಲ ವರ್ಷದಲ್ಲೇ ಜಾಸ್ತಿ ಕಂಡಿದ್ದು ಈ ವಿವರಣೆಗೆ ಹೊಂದುತ್ತದೆ.

ಇದನ್ನೇ ಪರೀಕ್ಷಿಸಲು ಮಾಡಿದ ಎಲೈಟ್ ಅನ್ನುವ ಅಧ್ಯಯನ 2016ರಲ್ಲಿ ಹೊರಬಂತು. 643 ಹೆಂಗಸರನ್ನು ಎರಡು ಭಾಗ ಮಾಡಿದರು, ಮುಟ್ಟು ನಿಂತು 6 ವರ್ಷ ಆಗದವರು ಮತ್ತು 10 ವರ್ಷ ದಾಟಿದವರು ಅಂತ. ಕತ್ತಿನ ರಕ್ತನಾಳದ ಗೋಡೆ ಎಷ್ಟು ದಪ್ಪಗಾಗುತ್ತದೆ ಅಂತ ಸ್ಕ್ಯಾನ್‌ನಲ್ಲಿ ಅಳೆಯುತ್ತಾ ಹೋದರು. ಬೇಗ ಶುರು ಮಾಡಿದವರಲ್ಲಿ ದಪ್ಪಗಾಗುವ ವೇಗ ಕಡಿಮೆಯಾಯಿತು, ತಡವಾಗಿ ಶುರು ಮಾಡಿದವರಲ್ಲಿ ಏನೂ ವ್ಯತ್ಯಾಸ ಆಗಲಿಲ್ಲ. ಇದು ಹಾರ್ಟ್ ಅಟ್ಯಾಕ್ ಎಣಿಸಿದ ಅಧ್ಯಯನ ಅಲ್ಲ, ಗೋಡೆ ಅಳೆದದ್ದು ಅಷ್ಟೇ. ಆದರೂ ಸಮಯದ ವಾದಕ್ಕೆ ಇದು ಬಲ ಕೊಟ್ಟಿತು.

"ಅಥವಾ" ಎಲ್ಲಿ ಎಡವುತ್ತದೆ

ಪಾಶ್ಚಾತ್ಯ ದೇಶಗಳಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 51. ಅದಕ್ಕೆ 10 ಸೇರಿಸಿದರೆ 61. ಹಾಗಾಗಿ ಅಲ್ಲಿ "60 ವರ್ಷದೊಳಗೆ" ಅಂದರೂ "10 ವರ್ಷದೊಳಗೆ" ಅಂದರೂ ಹೆಚ್ಚುಕಡಿಮೆ ಒಂದೇ. ಭಾರತದಲ್ಲಿ ಆ ಸರಾಸರಿ 46, 47ರ ಆಸುಪಾಸು. ಇಲ್ಲಿ ಹತ್ತು ವರ್ಷದ ಗಡಿ 56, 57ಕ್ಕೇ ಮುಗಿಯುತ್ತದೆ. ಆಮೇಲೆ 60ರವರೆಗೆ ಇರುವ ಮೂರು ನಾಲ್ಕು ವರ್ಷ, ಒಂದು ಲೆಕ್ಕದಲ್ಲಿ ಒಳಗೆ, ಇನ್ನೊಂದು ಲೆಕ್ಕದಲ್ಲಿ ಹೊರಗೆ.

ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ದಾವಣಗೆರೆಯ ನಿಟ್ಟುವಳ್ಳಿಯಲ್ಲಿರುವ ಗಿರಿಜಮ್ಮ ಅಂದುಕೊಳ್ಳಿ. ವಯಸ್ಸು 57. ಮುಟ್ಟು 45ಕ್ಕೆ ನಿಂತಿದೆ. ಬಿಪಿಗೆ ಒಂದು ಮಾತ್ರೆ, ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ಇರುವ ಮಾತ್ರೆ ತೆಗೆದುಕೊಳ್ಳುತ್ತಾರೆ. ರಾತ್ರಿ ಬೆವರುತ್ತದೆ, ನಿದ್ದೆ ಇಲ್ಲ. ಸುದ್ದಿ ಓದಿದ ಮಗಳು "ಅಮ್ಮ, ನಿನಗಿನ್ನೂ 60 ಆಗಿಲ್ಲ, ನೀನೂ ತಗೋಬಹುದು" ಅನ್ನುತ್ತಾಳೆ.

ವಯಸ್ಸಿನ ಲೆಕ್ಕದಲ್ಲಿ ಮಗಳ ಮಾತು ಸರಿ. ಆದರೆ ಗಿರಿಜಮ್ಮನ ರಕ್ತನಾಳಗಳು ಈಸ್ಟ್ರೋಜನ್ ಇಲ್ಲದೆ 12 ವರ್ಷ ಕಳೆದಿವೆ, ಜೊತೆಗೆ ಬಿಪಿ ಮತ್ತು ಸಕ್ಕರೆ ಸೇರಿ ಅವುಗಳನ್ನು ಇನ್ನಷ್ಟು ಹಳೆಯದು ಮಾಡಿವೆ. ಅಮೆರಿಕದ ಮೆನೋಪಾಸ್ ಸೊಸೈಟಿಯ 2022ರ ಹೇಳಿಕೆಯಲ್ಲಿ ಇದಕ್ಕೆ ಉತ್ತರ ಇದೆ: 60 ದಾಟಿದವರು ಅಥವಾ 10 ವರ್ಷ ದಾಟಿದವರು ಹೊಸದಾಗಿ ಶುರು ಮಾಡಿದರೆ ಅಪಾಯದ ಕಡೆ ತಕ್ಕಡಿ ವಾಲುತ್ತದೆ. ಅಂದರೆ ಎರಡು ಗಡಿಗಳಲ್ಲಿ ಯಾವುದು ಮೊದಲು ದಾಟಿದೆಯೋ ಅದನ್ನೇ ಗಣನೆಗೆ ತಗೋಬೇಕು. ನಮ್ಮಲ್ಲಿ ಮೊದಲು ದಾಟುವುದು ಹೆಚ್ಚಾಗಿ ಹತ್ತು ವರ್ಷದ ಗಡಿ.

ಇಷ್ಟಾದರೂ ಡಾಕ್ಟರ್ ಮೊದಲು ಕೇಳಬೇಕಾದ ಪ್ರಶ್ನೆ ಹಾರ್ಮೋನ್ ಬಗ್ಗೆ ಅಲ್ಲ. ಈ ಬೆವರು ಯಾತರದ್ದು? ಮುಟ್ಟು ನಿಂತ ಕಾವಿನಲ್ಲಿ ಎದೆಯಿಂದ ಮುಖದವರೆಗೆ ಝಳ ಏರಿ, ಕೆಲವು ನಿಮಿಷ ಇದ್ದು, ಬೆವತು ಇಳಿಯುತ್ತದೆ. ಗ್ಲಿಮೆಪಿರೈಡ್ ತಗೊಂಡು ರಾತ್ರಿ ಊಟ ಕಡಿಮೆ ಮಾಡಿದವರಿಗೆ ಸಕ್ಕರೆ ಇಳಿದಾಗಲೂ ಬೆವರುತ್ತದೆ, ಆದರೆ ಅದರಲ್ಲಿ ಮೈ ತಣ್ಣಗಾಗಿರುತ್ತದೆ, ಕೈ ನಡುಗುತ್ತದೆ, ಹಸಿವಾಗುತ್ತದೆ. ಬೆವರು ಬಂದ ಹೊತ್ತಿನಲ್ಲೇ ಗ್ಲುಕೋಮೀಟರ್‌ನಲ್ಲಿ ಒಂದು ಹನಿ ರಕ್ತ ನೋಡಿ, 70ಕ್ಕಿಂತ ಕೆಳಗಿದ್ದರೆ ಬೇಕಾಗಿರೋದು ಹಾರ್ಮೋನ್ ಅಲ್ಲ, ಸಕ್ಕರೆ ಮಾತ್ರೆಯ ಡೋಸ್ ಬದಲಾವಣೆ. ಥೈರಾಯ್ಡ್ ಜಾಸ್ತಿ ಕೆಲಸ ಮಾಡುತ್ತಿದ್ದರೂ ಇದೇ ರೀತಿ ಕಾವು ಬರುತ್ತದೆ.

ಅವೆಲ್ಲ ಸರಿ ಇದ್ದು, ಕಾವು ತಡೆಯಲಾಗದಷ್ಟು ಇದ್ದರೆ ಹಾರ್ಮೋನ್ ಅಲ್ಲದ ಮಾತ್ರೆಗಳಿವೆ. ಗ್ಯಾಬಾಪೆಂಟಿನ್, ವೆನ್ಲಾಫ್ಯಾಕ್ಸಿನ್ ಕಾವು ತಗ್ಗಿಸುತ್ತವೆ, ಈಸ್ಟ್ರೋಜನ್‌ನಷ್ಟು ಅಲ್ಲ. ವೆನ್ಲಾಫ್ಯಾಕ್ಸಿನ್ ಬಿಪಿ ಏರಿಸಬಹುದು, ಹಾಗಾಗಿ ಗಿರಿಜಮ್ಮನಿಗೆ ರಾತ್ರಿ ಹೊತ್ತಿನ ಗ್ಯಾಬಾಪೆಂಟಿನ್ ಹೆಚ್ಚು ಹೊಂದಬಹುದು. ಅದೂ ಆಗದಿದ್ದರೆ ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್ ಹಿಡಿತಕ್ಕೆ ತಂದು, ಚರ್ಮಕ್ಕೆ ಹಚ್ಚುವ ಕಡಿಮೆ ಡೋಸಿನ ಈಸ್ಟ್ರೋಜನ್ ಜೆಲ್ ಯೋಚಿಸಬಹುದು. ಮುಚ್ಚಿದ ಬಾಗಿಲಲ್ಲ ಅದು. ಆದರೆ ಮಗಳು ಅಂದುಕೊಂಡಷ್ಟು ಸಲೀಸೂ ಅಲ್ಲ.

ಇದೇ ಗಿರಿಜಮ್ಮನ ತಂಗಿ ಚಳ್ಳಕೆರೆಯಲ್ಲಿದ್ದಾಳೆ, ವಯಸ್ಸು 49, ಮುಟ್ಟು ನಿಂತು ಎರಡು ವರ್ಷ, ಬೇರೆ ಕಾಯಿಲೆ ಇಲ್ಲ ಅಂದುಕೊಳ್ಳಿ. ಅವಳಿಗೆ 2002ರ ಹೆದರಿಕೆಯನ್ನೇ ಹೇಳಿ "ಸುಮ್ನೆ ತಡಕೋ" ಅಂದರೆ ಅದು ಅನ್ಯಾಯ. ಬಿಸಿ ಝಳಕ್ಕೆ ಈಸ್ಟ್ರೋಜನ್‌ನಷ್ಟು ಚೆನ್ನಾಗಿ ಕೆಲಸ ಮಾಡುವ ಔಷಧಿ ಇನ್ನೊಂದಿಲ್ಲ. ಮೂಳೆಗೂ ಅದು ಒಳ್ಳೆಯದು, ತಗೊಳ್ಳುತ್ತಿರುವವರೆಗೆ.

ಲೆಕ್ಕ ಎಲ್ಲಿಂದ ಶುರು

ಕೊನೆಯ ಮುಟ್ಟಾಗಿ ಪೂರ್ತಿ 12 ತಿಂಗಳು ಮತ್ತೆ ಆಗದಿದ್ದರೆ ಮಾತ್ರ ಅದನ್ನು ಕೊನೆಯದು ಅನ್ನುತ್ತಾರೆ, ಎಣಿಕೆ ಆ ಕೊನೆಯ ಮುಟ್ಟಿನಿಂದ. ಕೇಳಲು ಸುಲಭ. ಆದರೆ ನಮ್ಮ ಕಡೆ ಚಿಕ್ಕ ವಯಸ್ಸಿಗೇ ಗರ್ಭಕೋಶ ತೆಗೆಸಿದವರು ಬಹಳ ಜನ ಇದ್ದಾರೆ. ಅವರಿಗೆ ಮುಟ್ಟು ನಿಂತಿದ್ದು ಆಪರೇಷನ್ ದಿನ, ಓವರಿ ನಿಂತಿದ್ದು ಯಾವಾಗಲೋ. ಎರಡೂ ಓವರಿ ತೆಗೆದಿದ್ದರೆ ಆಪರೇಷನ್ ದಿನವೇ ಲೆಕ್ಕ ಶುರು. ಓವರಿ ಉಳಿಸಿದ್ದರೆ ಅವು ಇನ್ನೂ ಎಷ್ಟೋ ವರ್ಷ ಕೆಲಸ ಮಾಡುತ್ತವೆ, ಆದರೆ ಗುರುತು ಹಿಡಿಯಲು ಮುಟ್ಟು ಇರುವುದಿಲ್ಲ. ಆಗ ಝಳ ಶುರುವಾದ ಕಾಲ ನೋಡಿ, ಬೇಕಿದ್ದರೆ ಓವರಿ ನಿಂತಾಗ ಏರುವ ಎಫ್‌ಎಸ್‌ಎಚ್ ಹಾರ್ಮೋನಿನ ರಕ್ತ ಪರೀಕ್ಷೆ ಮಾಡಿಸಿ ಅಂದಾಜು ಮಾಡಬೇಕಾಗುತ್ತದೆ.

ಇದು ತಿಳಿಯೋಕೆ ಡಿಸ್ಚಾರ್ಜ್ ಚೀಟಿ ಬೇಕು. "ಗರ್ಭಕೋಶ ತೆಗೆದಿದ್ದಾರೆ" ಅನ್ನೋದು ಮನೆಯವರಿಗೆಲ್ಲ ಗೊತ್ತಿರುತ್ತದೆ, ಓವರಿ ಉಳಿದಿದೆಯಾ ಅಂತ ಕೇಳಿದರೆ ಯಾರಿಗೂ ಗೊತ್ತಿರುವುದಿಲ್ಲ. ಚೀಟಿಯಲ್ಲಿ ಟಿಎಎಚ್ ಅಂತ ಮಾತ್ರ ಇದ್ದರೆ ಹೊಟ್ಟೆ ಕೊಯ್ದು ಗರ್ಭಕೋಶ ತೆಗೆದಿದ್ದಾರೆ, ಅದರ ಜೊತೆ ಬಿಎಸ್‌ಒ ಅಂತಲೂ ಇದ್ದರೆ ಎರಡೂ ಓವರಿ ಹೋಗಿವೆ. ಆ ಮೂರು ಅಕ್ಷರದ ಮೇಲೆ ಮುಂದಿನ ಚಿಕಿತ್ಸೆ ನಿಂತಿದೆ.

ಹೇಗೆ ಅಂದರೆ, 36ಕ್ಕೇ ಎರಡೂ ಓವರಿ ಕಳೆದುಕೊಂಡ ಹೆಂಗಸಿಗೆ ಇಲ್ಲಿವರೆಗೆ ಹೇಳಿದ ಅಪಾಯದ ಲೆಕ್ಕ ಅನ್ವಯಿಸುವುದೇ ಇಲ್ಲ. ಅವಳ ವಯಸ್ಸಿನ ಬೇರೆ ಹೆಂಗಸರ ಮೈಯಲ್ಲಿ ಸಹಜವಾಗಿ ಇರುವ ಹಾರ್ಮೋನನ್ನೇ ಅವಳಿಗೆ ಹೊರಗಿನಿಂದ ಕೊಡುತ್ತಿರುವುದು. ಸ್ತನ ಕ್ಯಾನ್ಸರ್‌ನಂಥ ಅಡ್ಡಿ ಇಲ್ಲದಿದ್ದರೆ, 50ರ ಆಸುಪಾಸಿನವರೆಗೂ ತಗೊಳ್ಳಿ ಅಂತಲೇ ಮಾರ್ಗಸೂಚಿಗಳು ಹೇಳುತ್ತವೆ. ತಗೊಳ್ಳದಿದ್ದರೇ ಮೂಳೆ ಸವೆತ, ಹೃದಯ ಕಾಯಿಲೆ ಬೇಗ ಬರುತ್ತವೆ. 2002ರ ಹೆದರಿಕೆಯಿಂದ ಅತಿ ಹೆಚ್ಚು ನಷ್ಟ ಆಗಿದ್ದು ಇಂಥವರಿಗೇ ಅನ್ನೋದು ನನ್ನ ಅಭಿಪ್ರಾಯ.

ಸ್ತನ ಕ್ಯಾನ್ಸರ್ ಈ ಲೆಕ್ಕಕ್ಕೆ ಬಗ್ಗುವುದಿಲ್ಲ

"ಬೇಗ ಶುರು ಮಾಡಿದರೆ ಸೇಫ್" ಅನ್ನುವ ಮಾತು ಹೃದಯಕ್ಕೆ ಹೊಂದುತ್ತದೆ, ಸ್ತನಕ್ಕೆ ಹೊಂದುವುದಿಲ್ಲ. ಅಲ್ಲಿ ಮುಖ್ಯವಾಗುವುದು ಎಷ್ಟು ವರ್ಷ ತಗೊಂಡರು ಮತ್ತು ಯಾವ ಹಾರ್ಮೋನ್ ತಗೊಂಡರು ಅನ್ನೋದು. ಮುಟ್ಟು ನಿಂತ ಕೂಡಲೇ ಶುರು ಮಾಡಿದವರಲ್ಲಿ ಅಪಾಯ ಸ್ವಲ್ಪ ಜಾಸ್ತಿಯೇ ಕಂಡಿದೆ. ಸುದ್ದಿಯಲ್ಲಿ ಈ ಭಾಗ ಕಳೆದುಹೋಯಿತು.

2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ದೊಡ್ಡ ವಿಶ್ಲೇಷಣೆಯ ಪ್ರಕಾರ, ಪಾಶ್ಚಾತ್ಯ ದೇಶಗಳಲ್ಲಿ ಹಾರ್ಮೋನ್ ತಗೊಳ್ಳದ 100 ಹೆಂಗಸರಲ್ಲಿ 50ರಿಂದ 69ರವರೆಗಿನ ಇಪ್ಪತ್ತು ವರ್ಷದಲ್ಲಿ ಸುಮಾರು 6 ಜನಕ್ಕೆ ಸ್ತನ ಕ್ಯಾನ್ಸರ್ ಬರುತ್ತದೆ. 50ಕ್ಕೆ ಶುರು ಮಾಡಿ ದಿನವೂ ಎರಡು ಹಾರ್ಮೋನ್ 5 ವರ್ಷ ತಗೊಂಡರೆ ಅದು ಸುಮಾರು 8 ಆಗುತ್ತದೆ. ಬರೀ ಈಸ್ಟ್ರೋಜನ್ ಆದರೆ ಹೆಚ್ಚಳ ಬಹಳ ಕಡಿಮೆ. 2002ರ ಅಧ್ಯಯನದ ಇನ್ನೊಂದು ಭಾಗದಲ್ಲಿ, ಗರ್ಭಕೋಶ ಇಲ್ಲದೆ ಬರೀ ಈಸ್ಟ್ರೋಜನ್ ತಗೊಂಡವರಲ್ಲಿ ಸ್ತನ ಕ್ಯಾನ್ಸರ್ ಕಡಿಮೆಯೇ ಆಗಿತ್ತು. ಈ ಎರಡರ ನಡುವಿನ ಜಗಳ ಇನ್ನೂ ಮುಗಿದಿಲ್ಲ. ಭಾರತದಲ್ಲಿ ಸ್ತನ ಕ್ಯಾನ್ಸರ್ ಪ್ರಮಾಣ ಅಲ್ಲಿಗಿಂತ ಕಡಿಮೆ, ಹಾಗಾಗಿ ಸೇರುವ ಸಂಖ್ಯೆಯೂ ಕಡಿಮೆ ಇರಬೇಕು. ಆದರೆ ಸೊನ್ನೆ ಅಲ್ಲ.

ಹಾಗಾದರೆ ಪ್ರೊಜೆಸ್ಟಿನ್ ಬಿಟ್ಟುಬಿಡಬಹುದಲ್ವಾ? ಗರ್ಭಕೋಶ ಇದ್ದರೆ ಬಿಡುವಂತಿಲ್ಲ. ಈಸ್ಟ್ರೋಜನ್ ಒಂದನ್ನೇ ಕೊಟ್ಟರೆ ಗರ್ಭಕೋಶದ ಒಳಪದರ ದಪ್ಪವಾಗಿ ಬೆಳೆಯುತ್ತಾ ಹೋಗಿ ಕ್ಯಾನ್ಸರ್‌ಗೆ ತಿರುಗಬಹುದು. ಎಫ್‌ಡಿಎ ಎಲ್ಲ ಚೌಕಟ್ಟು ತೆಗೆದರೂ ಈ ಒಂದನ್ನು ಮಾತ್ರ ಉಳಿಸಿಕೊಂಡಿದೆ.

ಮಾತ್ರೆಯಾ, ಜೆಲ್ಲಾ

ನುಂಗಿದ ಈಸ್ಟ್ರೋಜನ್ ಮೊದಲು ಲಿವರ್‌ಗೆ ಹೋಗುತ್ತದೆ. ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್‌ಗಳು ತಯಾರಾಗುವುದು ಅಲ್ಲೇ, ಅವು ಜಾಸ್ತಿಯಾಗುತ್ತವೆ. ತೋಳಿಗೋ ತೊಡೆಗೋ ಹಚ್ಚುವ ಜೆಲ್ ಚರ್ಮದಿಂದ ನೇರ ರಕ್ತಕ್ಕೆ ಸೇರುವುದರಿಂದ ಲಿವರ್ ಮೇಲೆ ಆ ಹೊಡೆತ ಬೀಳುವುದಿಲ್ಲ. ಬ್ರಿಟನ್‌ನಲ್ಲಿ ನಡೆದ ದೊಡ್ಡ ಅಧ್ಯಯನದಲ್ಲಿ ಚರ್ಮದ ಮೂಲಕ ತಗೊಂಡವರಲ್ಲಿ ಹೆಪ್ಪಿನ ಅಪಾಯ ಹೆಚ್ಚಾಗಿರಲಿಲ್ಲ. ದಪ್ಪ ಇರುವವರಿಗೆ, ಬಿಪಿ, ಸಕ್ಕರೆ ಇರುವವರಿಗೆ ಡಾಕ್ಟರುಗಳು ಜೆಲ್ ಆರಿಸುವುದು ಇದಕ್ಕೇ. ಹಚ್ಚಿದ ಜಾಗ ಮೊಮ್ಮಕ್ಕಳ ಮೈಗೆ ತಾಗದಂತೆ ನೋಡಿಕೊಳ್ಳಬೇಕು, ಇಲ್ಲದಿದ್ದರೆ ಮಗುವಿನ ಮೈಗೂ ಹಾರ್ಮೋನ್ ಅಂಟುತ್ತದೆ.

ಈಗಿನ ವಾದ

ಎಚ್ಚರಿಕೆ ತೆಗೆದದ್ದು ಸರಿ ಅನ್ನುವವರ ಮಾತಿನಲ್ಲಿ ಹುರುಳಿದೆ. ಯೋನಿಯ ಉರಿ, ಒಣಗುವಿಕೆಗೆ ಅಲ್ಲಿಗಷ್ಟೇ ಹಚ್ಚುವ ಕಡಿಮೆ ಡೋಸಿನ ಕ್ರೀಮಿನ ಮೇಲೂ ಅದೇ ಭಯಾನಕ ಚೌಕಟ್ಟು ಇತ್ತು. ಆ ಕ್ರೀಮ್ ರಕ್ತಕ್ಕೆ ಸೇರುವುದು ತೀರಾ ಅಲ್ಪ. ಅದಕ್ಕೆ ಹತ್ತು ವರ್ಷದ ಲೆಕ್ಕವೂ ಇಲ್ಲ, ಎಪ್ಪತ್ತರಲ್ಲೂ ಶುರು ಮಾಡಬಹುದು. ಪದೇ ಪದೇ ಉರಿಮೂತ್ರ ಆಗುವ ವಯಸ್ಸಾದವರು ಔಷಧಿ ಜೊತೆ ಬರುವ ಚೀಟಿ ಓದಿ ಹೆದರಿ ಟ್ಯೂಬ್ ಪಕ್ಕಕ್ಕಿಟ್ಟರೆ ಅವರಿಗೆ ನಷ್ಟವೇ ಹೊರತು ಲಾಭ ಇರಲಿಲ್ಲ.

ವಿರೋಧಿಸುವವರ ತಕರಾರು ಬೇರೆ. ಬೇಗ ಶುರು ಮಾಡಿದರೆ ಹೃದಯ ಕಾಯಿಲೆ, ಮರೆವಿನ ಕಾಯಿಲೆ ಕಡಿಮೆಯಾಗುತ್ತವೆ ಅಂತ ಎಫ್‌ಡಿಎ ದೊಡ್ಡ ಅಂಕಿಗಳ ಜೊತೆ ಹೇಳಿದ್ದು ಅವರಿಗೆ ಒಪ್ಪಿಗೆಯಿಲ್ಲ. ಅಂಥ ಅಂಕಿಗಳಲ್ಲಿ ಹೆಚ್ಚಿನವು, ಹಾರ್ಮೋನ್ ತಾವಾಗೇ ಆರಿಸಿಕೊಂಡ ಹೆಂಗಸರನ್ನು ಗಮನಿಸಿ ಬಂದಂಥವು. ಅಂಥವರು ಮೊದಲೇ ಸ್ಥಿತಿವಂತರು, ಓದಿದವರು, ಡಾಕ್ಟರ್ ಹತ್ತಿರ ಹೋಗುವವರು. ಅವರ ಆರೋಗ್ಯ ಚೆನ್ನಾಗಿರೋದಕ್ಕೆ ಮಾತ್ರೆಯೇ ಕಾರಣ ಅನ್ನೋಕೆ ಬರುವುದಿಲ್ಲ. ಚೀಟಿ ಎತ್ತಿ ಹಂಚಿದ ಪ್ರಯೋಗದಲ್ಲಿ, 65 ದಾಟಿದವರಲ್ಲಿ ಎರಡು ಹಾರ್ಮೋನಿನ ಮಾತ್ರೆಯಿಂದ ಮರೆವಿನ ಕಾಯಿಲೆ ಎರಡು ಪಟ್ಟಾಗಿತ್ತು. ಮುಂದೆ ಬರಬಹುದಾದ ಕಾಯಿಲೆ ತಡೆಯಲು ಅಂತಲೇ ಹಾರ್ಮೋನ್ ತಗೋಬೇಡಿ ಎಂದು ಅಮೆರಿಕದ ತಜ್ಞರ ಕಾರ್ಯಪಡೆ 2022ರಲ್ಲಿ ಹೇಳಿದೆ. ನನಗೂ ಈ ಮಾತೇ ಸರಿ ಕಾಣುತ್ತದೆ. ಕಷ್ಟ ಇದ್ದಾಗ ಅದಕ್ಕೆ ತಗೊಳ್ಳುವುದು ಬೇರೆ, ಕಷ್ಟವೇ ಇಲ್ಲದಾಗ "ಹೃದಯಕ್ಕೆ ಒಳ್ಳೆಯದಂತೆ" ಅಂತ ತಗೊಳ್ಳುವುದು ಬೇರೆ.

ನಮ್ಮ ಊರುಗಳಲ್ಲಿ ಏನಾಗಬಹುದು

ಅಮೆರಿಕದ ಚೀಟಿ ಬದಲಾದರೆ ಇಲ್ಲಿನ ಚೀಟಿ ತಾನಾಗೇ ಬದಲಾಗುವುದಿಲ್ಲ, ನಮ್ಮ ನಿಯಂತ್ರಣ ಸಂಸ್ಥೆ ಬೇರೆ. ಆದರೆ ಸುದ್ದಿಗೆ ಗಡಿ ಇಲ್ಲ. ಮೆಡಿಕಲ್ ಶಾಪಿನಲ್ಲಿ ಡಾಕ್ಟರ್ ಚೀಟಿ ಇಲ್ಲದೆ ಕೇಳುವವರು ಹೆಚ್ಚಾಗಬಹುದು. ಹಾಗೆ ತಂದುಕೊಂಡವರಲ್ಲಿ ಆಗುವ ಎಡವಟ್ಟು ಸಾಮಾನ್ಯವಾಗಿ ಎರಡು. ಗರ್ಭಕೋಶ ತೆಗೆಸಿದ ತಂಗಿಗೆ ಬರೆದುಕೊಟ್ಟ ಬರೀ ಈಸ್ಟ್ರೋಜನ್ ಅನ್ನು ಗರ್ಭಕೋಶ ಇರುವ ಅಕ್ಕ ಪ್ರೊಜೆಸ್ಟಿನ್ ಇಲ್ಲದೆ ನುಂಗುವುದು ಒಂದು. ಮುಟ್ಟು ನಿಂತು ಹದಿನೈದು ವರ್ಷ ಆದವರು ಮಂಡಿ ನೋವಿಗೂ, ಸುಸ್ತಿಗೂ ಶುರು ಮಾಡುವುದು ಇನ್ನೊಂದು.

ಈಗಾಗಲೇ 50ರಲ್ಲಿ ಶುರು ಮಾಡಿ ಚೆನ್ನಾಗಿರುವವರು 60 ತುಂಬಿದ ದಿನವೇ ನಿಲ್ಲಿಸಬೇಕು ಅಂತಿಲ್ಲ. ಗಡಿ ಇರುವುದು ಹೊಸದಾಗಿ ಶುರು ಮಾಡುವುದಕ್ಕೆ. ಮುಂದುವರಿಸುವವರು ವರ್ಷಕ್ಕೊಮ್ಮೆ ಬಿಪಿ, ಸ್ತನ ಪರೀಕ್ಷೆ, ಇನ್ನೂ ಬೇಕಾ ಅನ್ನುವ ಪ್ರಶ್ನೆ ಇಟ್ಟುಕೊಂಡು ಡಾಕ್ಟರ್ ಹತ್ತಿರ ಹೋಗಬೇಕು. ಸ್ತನ ಕ್ಯಾನ್ಸರ್, ಹಾರ್ಟ್ ಅಟ್ಯಾಕ್, ಸ್ಟ್ರೋಕ್, ಕಾಲಿನಲ್ಲಿ ಹೆಪ್ಪು ಆದವರಿಗೆ, ಲಿವರ್ ಕೆಟ್ಟವರಿಗೆ ಮೈಗೆಲ್ಲ ಹೋಗುವ ಹಾರ್ಮೋನ್ ಸಲ್ಲದು, ಮುಟ್ಟು ನಿಂತು ಒಂದೇ ವರ್ಷ ಆಗಿದ್ದರೂ ಸರಿ.

ಒಂದು ಕಾಲು ಮಾತ್ರ ಊದಿ ಮೀನಖಂಡ ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಮಾತು ತೊದಲುವುದು, ಇವು ಕಂಡರೆ ಅವತ್ತೇ ಆಸ್ಪತ್ರೆಗೆ. ಮುಟ್ಟು ನಿಂತು ವರ್ಷಗಳಾದ ಮೇಲೆ ಒಂದು ಹನಿ ರಕ್ತ ಕಂಡರೂ, ಹಾರ್ಮೋನ್ ತಗೊಳ್ಳಲಿ ಬಿಡಲಿ, "ಉಷ್ಣ ಆಗಿರಬೇಕು" ಅಂತ ಎಳನೀರು ಕುಡಿದು ಸುಮ್ಮನಾಗಬಾರದು. ಮಾತ್ರೆ ಶುರು ಮಾಡಿದ ಮೊದಲ ಕೆಲವು ತಿಂಗಳು ಅಲ್ಪಸ್ವಲ್ಪ ಕಲೆ ಆಗುವುದುಂಟು, ಆದರೂ ಡಾಕ್ಟರಿಗೆ ಹೇಳಬೇಕು. ಆರು ತಿಂಗಳು ದಾಟಿಯೂ ಆಗುತ್ತಿದ್ದರೆ, ಅಥವಾ ನಿಂತು ಮತ್ತೆ ಶುರುವಾದರೆ, ಸ್ಕ್ಯಾನ್ ಮಾಡಿಸಿ ಗರ್ಭಕೋಶದ ಒಳಪದರ ಎಷ್ಟು ದಪ್ಪ ಇದೆ ನೋಡಬೇಕು, ಬೇಕಾದರೆ ಅದರ ತುಣುಕು ತೆಗೆದು ಪರೀಕ್ಷೆಗೆ ಕಳಿಸಬೇಕು.